ಅಪ್ಪನ ಮಳೆ ಲೆಕ್ಕವಿದ್ದ ಚಾಟ್ ಅಳಿಸಿಹೋದಾಗ

ಹೋದ ವರ್ಷ ಜುಲೈನಲ್ಲಿ, ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿ ನನ್ನ ಗೆಳತಿಯ ಫೋನ್ ನೀರು ತುಂಬಿದ ಬಕೆಟ್‌ಗೆ ಬಿತ್ತು. ಎತ್ತಿ ಒರೆಸಿದಳು. ಚಾರ್ಜಿಗೆ ಹಾಕಿ ನೋಡಿದಳು. ಆನ್ ಆಗಲಿಲ್ಲ. ಮರುದಿನ ಅಂಗಡಿಯಲ್ಲಿ ಹೊಸ ಫೋನ್ ತಗೊಂಡಳು. ಅಂಗಡಿಯ ಹುಡುಗನೇ ಸಿಮ್ ಹಾಕಿ, ವಾಟ್ಸ್‌ಆ್ಯಪ್ ಕೂರಿಸಿ, ನಡುವೆ ಬಂದ ಪ್ರಶ್ನೆಗಳನ್ನೆಲ್ಲ `Skip` ಒತ್ತಿ ದಾಟಿಸಿ, ಬ್ಯಾಕಪ್ ಕೂಡ ಆನ್ ಮಾಡಿ ಕೈಗೆ ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ.

ಮೂರನೇ ದಿನ ಅವಳು ಅಪ್ಪನ ಚಾಟ್ ಹುಡುಕಿದಳು. ಇರಲಿಲ್ಲ.

ಅವಳ ಅಪ್ಪ 2023ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳಿಗೆ ಅವರು ಆರು ವರ್ಷ, ದಿನಾ ಬೆಳಿಗ್ಗೆ ಒಂದು ಮೆಸೇಜ್ ಹಾಕುತ್ತಿದ್ದರು. ಮಳೆಗಾಲದಲ್ಲಿ ಅದು ಅಳತೆಯ ಲೆಕ್ಕ: "2 ಇಂಚು 40. ಕರೆಂಟ್ ಇಲ್ಲ. ತಿಂಡಿ ಆಯ್ತಾ?" ಕೊಡಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಇಲ್ಲಿ ಈಗಲೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟು ಅಂದರೆ ಒಂದು ಇಂಚು. 2 ಇಂಚು 40 ಸೆಂಟು ಅಂದರೆ ಸುಮಾರು 61 ಮಿಲಿಮೀಟರ್.

"ಅಪ್ಪ ಎರಡನೇ ಸಲ ಹೋದ ಹಾಗಾಯ್ತು ಕಣೇ" ಅಂತ ಫೋನಿನಲ್ಲಿ ಅತ್ತಳು. ಮನೆಯಲ್ಲಿ ಒಬ್ಬರು "ಮೆಸೇಜ್ ತಾನೇ, ಹೋದರೆ ಹೋಗಲಿ" ಅಂದರಂತೆ. ಆ ಮಾತು ಅವಳಿಗೆ ಇನ್ನೂ ನೋವು ಕೊಟ್ಟಿತ್ತು. ಇಂಥ ಪ್ರಸಂಗ ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಒಂದು ಚಾಟ್ ಮೇಲೆ ಇಷ್ಟು ಜೀವ ಯಾಕೆ? ಅದು ಹೋದಾಗ ಮೊದಲು ಏನು ಮಾಡಬೇಕು, ಆಮೇಲೆ ಹೇಗೆ ಇರಬೇಕು?

## ಚಾಟ್ ನಿಜವಾಗಿ ಎಲ್ಲಿರುತ್ತೆ?

ತುಂಬಾ ಜನ ಚಾಟ್ ಕಂಪನಿಯ ಹತ್ತಿರ ಎಲ್ಲೋ ಭದ್ರವಾಗಿದೆ ಅಂದುಕೊಂಡಿರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಹಾಗಿಲ್ಲ. ಅದು ಅಂಚೆಯಣ್ಣನ ಹಾಗೆ. ಕಾಗದ ತಲುಪಿಸುತ್ತೆ, ನಕಲು ಇಟ್ಟುಕೊಳ್ಳಲ್ಲ. ಮನೆ ಬಾಗಿಲು ಹಾಕಿದ್ದರೆ ಮಾತ್ರ ಕಾಗದ ಅದರ ಹತ್ತಿರ ಕಾಯುತ್ತೆ, ಅದೂ 30 ದಿನ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದ ದಿನಗಳಲ್ಲಿ ನನ್ನ ಗೆಳತಿ ಕಳಿಸಿದ "ಅಪ್ಪ, ಎಲ್ಲಿದ್ದೀರಾ?" ಅನ್ನೋ ಮೆಸೇಜ್ ಒಂದೇ ಬೂದು ಟಿಕ್‌ನಲ್ಲಿ ಮೂರು ದಿನ ನಿಂತಿತ್ತು. ಆ ಒಂದೇ ಟಿಕ್‌ಗೆ ಅರ್ಥ ಇಷ್ಟೇ: ಕಾಗದ ಅಂಚೆಯಣ್ಣನ ಚೀಲದಲ್ಲಿದೆ, ಮನೆಗೆ ತಲುಪಿಲ್ಲ. ನಾಲ್ಕನೇ ದಿನ ಎರಡು ಟಿಕ್ ಬಂತು. ಹಿಂದೆಯೇ "ಎಲ್ಲಾ ಚೆನ್ನಾಗಿದ್ದೀವಿ. ರೋಡ್ ಇಲ್ಲ" ಅಂತ ಉತ್ತರ ಬಂತು.

ಒಮ್ಮೆ ತಲುಪಿದ ಮೇಲೆ ಆ ಮಾತುಕತೆ ಇರುವುದು ಎರಡು ಕಡೆ. ಒಂದು ಪ್ರತಿ ನಿಮ್ಮ ಫೋನಿನಲ್ಲಿ, ಇನ್ನೊಂದು ಎದುರಿನವರ ಫೋನಿನಲ್ಲಿ. ಬ್ಯಾಕಪ್ ಹಾಕಿಕೊಂಡಿದ್ದರೆ ಅದು ಮೂರನೇ ಪ್ರತಿ. ಆಂಡ್ರಾಯ್ಡ್ ಫೋನಿನಲ್ಲಿ ಆ ಮೂರನೆಯದು ನಿಮ್ಮ ಗೂಗಲ್ ಖಾತೆಯಲ್ಲಿರುತ್ತೆ. ಅದು ಒಂದೇ ಡಬ್ಬ ಅನ್ನೋದು ನೆನಪಿರಲಿ. ಹೊಸ ಬ್ಯಾಕಪ್ ಬಂದರೆ ಹಳೆಯದರ ಮೇಲೇ ಕೂರುತ್ತೆ.

ಗೆಳತಿಯ ಮನೆಯಲ್ಲಿ ಆದದ್ದೂ ಇದೇ. `Skip` ಒತ್ತಿದ್ದರಿಂದ ಹೊಸ ಫೋನಿನಲ್ಲಿ ಚಾಟ್ ಖಾಲಿ ಇತ್ತು. ರಾತ್ರಿ ಬ್ಯಾಕಪ್ ತಾನಾಗಿ ಓಡಿತು. ಆರು ವರ್ಷದ ಮಾತಿದ್ದ ಡಬ್ಬದೊಳಗೆ ಎರಡು ದಿನದ ಚಾಟ್ ಬಂದು ಕೂತಿತು.

## ಸಣ್ಣ ಮಾತಿಗೇ ಯಾಕೆ ಇಷ್ಟು ಅಂಟು?

ಅವಳು ಕಳಕೊಂಡ ಚಾಟ್‌ನಲ್ಲಿ ದೊಡ್ಡ ಮಾತು ಹೆಚ್ಚೇನೂ ಇರಲಿಲ್ಲ. ಮಳೆ, ತಿಂಡಿ, ಕರೆಂಟ್, ಬಸ್ ಎಷ್ಟಕ್ಕೆ. ಹಾಗಿದ್ದರೂ ಅಷ್ಟು ನೋವಾಗಿದ್ದು ಯಾಕೆ?

ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್ಸ್ಕಿ 1923ರಲ್ಲೇ ಒಂದು ವಿಷಯ ಗುರುತಿಸಿದ್ದರು. ಜನ ಆಡುವ ಎಷ್ಟೋ ಮಾತು ಸುದ್ದಿ ತಿಳಿಸುವುದಕ್ಕಲ್ಲ, ನಂಟು ಉಳಿಸಿಕೊಳ್ಳುವುದಕ್ಕೆ. ನಾವು ದಾರಿಯಲ್ಲಿ ಸಿಕ್ಕವರನ್ನು "ಊಟ ಆಯ್ತಾ?" ಅಂತ ಕೇಳುವುದು ಅವರ ಹೊಟ್ಟೆಯ ಲೆಕ್ಕ ಹಿಡಿಯುವುದಕ್ಕಲ್ಲ, ಅಲ್ವಾ? ನೀನು ನನ್ನ ಲೆಕ್ಕದಲ್ಲಿದ್ದೀಯ ಅಂತ ಹೇಳುವ ರೀತಿ ಅದು. "2 ಇಂಚು 40" ಕೂಡ ಅಂಥದ್ದೇ. ಅಪ್ಪ ಬೆಳಿಗ್ಗೆ ಎದ್ದಿದ್ದಾರೆ, ಕೊಡೆ ಹಿಡಿದು ಅಂಗಳಕ್ಕೆ ಹೋಗಿದ್ದಾರೆ, ಮಳೆಯ ಅಳತೆ ನೋಡಿದ್ದಾರೆ, ಆಮೇಲೆ ಮಗಳನ್ನು ನೆನೆದಿದ್ದಾರೆ. ಇಷ್ಟೂ ಆ ಒಂದು ಸಾಲಿನಲ್ಲಿ ಬರುತ್ತಿತ್ತು. ದಿನಾ ಬಂದದ್ದರಿಂದಲೇ ಅದಕ್ಕೆ ಬೆಲೆ. ಒಂದು ದಿನ ಬರದಿದ್ದರೆ ಇವಳೇ ಫೋನ್ ಮಾಡಿ "ಯಾಕಪ್ಪ, ಹುಷಾರಿದ್ದೀರಾ?" ಅಂತ ಕೇಳುತ್ತಿದ್ದಳು.

ಎರಡನೇ ಕಾರಣ ನೆನಪಿಗೆ ಸಂಬಂಧಿಸಿದ್ದು. ಒಟ್ಟಿಗೆ ಬಾಳುವವರು ನೆನಪನ್ನು ಹಂಚಿಕೊಂಡು ಇಟ್ಟುಕೊಳ್ಳುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1980ರ ದಶಕದಲ್ಲಿ ವಿವರಿಸಿದರು. ಪತ್ರ ಎಲ್ಲಿದೆ ಅಂತ ಅಮ್ಮನಿಗೆ ಗೊತ್ತು, ಸಾಲದ ಕಂತು ಯಾವಾಗ ಅಂತ ಅಪ್ಪನಿಗೆ ಗೊತ್ತು. ಒಬ್ಬರು ಹೋದರೆ ಮನೆಯ ಅರ್ಧ ನೆನಪು ಅವರ ಜೊತೆ ಹೋಗುತ್ತೆ. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುವುದು ನನ್ನ ಗೆಳತಿಗೆ ಬಂತು. ಮಳೆಗಾಲಕ್ಕೆ ಮುಂಚೆ ಬೋರ್ಡೋ ಔಷಧಿ ಹೊಡೆಸಿದ್ದು ಯಾವ ವಾರ, ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು, ಇದನ್ನೆಲ್ಲ ಅವಳು ಚಾಟ್‌ನಲ್ಲಿ ಹುಡುಕಿ ತೆಗೆಯುತ್ತಿದ್ದಳು. ಹುಡುಕುವ ಜಾಗದಲ್ಲಿ "ಬೋರ್ಡೋ" ಅಂತ ಟೈಪ್ ಮಾಡಿದರೆ ಅಪ್ಪ ಉತ್ತರ ಹೇಳಿದ ಹಾಗೇ ಇತ್ತು. ಅಂದರೆ ತೀರಿಕೊಂಡ ಮೇಲೂ ಎರಡು ವರ್ಷ ಅವಳು ಅಪ್ಪನನ್ನು ಕೇಳಿಯೇ ತೋಟ ಮಾಡುತ್ತಿದ್ದಳು.

ಇದು ಅತಿಯಾಯಿತು, ಹೋದವರನ್ನು ಬಿಟ್ಟುಕೊಡಬೇಕು ಅಂತ ಕೆಲವರು ಹೇಳುತ್ತಾರೆ. ದುಃಖದ ಬಗ್ಗೆ ಅಧ್ಯಯನ ಮಾಡುವವರೂ ಬಹಳ ಕಾಲ ಹಾಗೇ ಹೇಳುತ್ತಿದ್ದರು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಬೇರೆ ಮಾತು ಮುಂದಿಟ್ಟರು. ಸತ್ತವರ ಜೊತೆಗಿನ ನಂಟು ಕಡಿದುಹೋಗಬೇಕಿಲ್ಲ, ರೂಪ ಬದಲಾಗಿ ಮುಂದುವರಿಯಬಹುದು, ಅದು ಕಾಯಿಲೆ ಅಲ್ಲ ಅಂತ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಕೊಡವ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಹತ್ತಿರ ಹಿರಿಯರನ್ನು ನೆನೆಯುವ ಗುಡಿ, ಕೈಮಡ, ಇರುತ್ತೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಹೋದವರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡುತ್ತಾರೆ. ಅಪ್ಪನ ಚಾಟ್ ತೆಗೆದು ಓದುವುದೂ ಅದೇ ಸಾಲಿನದು ಅಂತ ನನಗೆ ಅನ್ನಿಸುತ್ತೆ.

## "ಮೆಸೇಜ್ ತಾನೇ" ಅಂದಾಗ ಯಾಕೆ ನೋವಾಗುತ್ತೆ?

ಮನುಷ್ಯ ಹೋದರೆ ನೆಂಟರು ಬರುತ್ತಾರೆ, ಹನ್ನೊಂದನೇ ದಿನ, ಹದಿಮೂರನೇ ದಿನ ಅಂತ ಇರುತ್ತೆ, ಅಳುವುದಕ್ಕೆ ಜಾಗ ಇರುತ್ತೆ. ಚಾಟ್ ಹೋದರೆ ಯಾರೂ ಬರಲ್ಲ. ಸುತ್ತಲಿನವರು ಒಪ್ಪಿಕೊಳ್ಳದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ 1989ರಲ್ಲಿ ವಿವರವಾಗಿ ಬರೆದರು. ಹಟ್ಟಿಯ ಹಸು ಸತ್ತಾಗ, ಗರ್ಭ ಇಳಿದಾಗ, ಬಿಟ್ಟುಹೋದ ಸ್ನೇಹಿತ ತೀರಿಕೊಂಡಾಗ ಆಗುವ ದುಃಖ ಈ ಜಾತಿಯದು. ಇದರಲ್ಲಿ ಎರಡು ಭಾರ ಇರುತ್ತೆ. ಒಂದು ದುಃಖದ್ದು. ಇನ್ನೊಂದು, ಇಷ್ಟಕ್ಕೆಲ್ಲ ಅಳಬಾರದೇನೋ ಅನ್ನೋ ನಾಚಿಕೆಯದು.

ಚಾಟ್ ವಿಷಯದಲ್ಲಿ ಮೂರನೆಯದೂ ಸೇರಿಕೊಳ್ಳುತ್ತೆ. ಅದು ತಪ್ಪಿತಸ್ಥ ಭಾವನೆ. "ನಾನೇ ಜೋಪಾನ ಮಾಡಬೇಕಿತ್ತು" ಅಂತ ನನ್ನ ಗೆಳತಿ ವಾರಗಟ್ಟಲೆ ಹೇಳಿದಳು. ನಾನು ಅವಳಿಗೆ ಹೇಳಿದ್ದು ಇಷ್ಟೇ. ಅವಳ ಕೈಯಲ್ಲಿ ಆದದ್ದು ಫೋನ್ ಜಾರಿದ್ದು ಮಾತ್ರ. ಬ್ಯಾಕಪ್ ಒಂದೇ ಡಬ್ಬ ಅಂತ ಅವಳಿಗೂ ಗೊತ್ತಿರಲಿಲ್ಲ, ಆ ಹುಡುಗನಿಗೂ ಗೊತ್ತಿರಲಿಲ್ಲ.

## ಮೊದಲ ದಿನ ಏನು ಮಾಡಬೇಕು, ಏನು ಮಾಡಬಾರದು

ನಿಮ್ಮ ಫೋನ್ ಹಾಳಾದರೆ ಅಥವಾ ಕಳೆದರೆ, ಹೊಸ ಫೋನಿನಲ್ಲಿ ಕೂಡಲೇ ವಾಟ್ಸ್‌ಆ್ಯಪ್ ಹಾಕಬೇಡಿ. ಒಂದು ದಿನ ಕಾಯಿರಿ. ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲೋ ಆಫೀಸಿನ ಕಂಪ್ಯೂಟರಿನಲ್ಲೋ ವಾಟ್ಸ್‌ಆ್ಯಪ್ ತೆರೆದಿದೆಯಾ ನೋಡಿ. ಇದ್ದರೆ ಚಾಟ್‌ನ ಒಂದಷ್ಟು ಭಾಗ ಅಲ್ಲಿ ಇನ್ನೂ ಕಾಣುತ್ತೆ. ಬೇಕಾದ್ದನ್ನು ನಕಲು ಮಾಡಿಕೊಳ್ಳಿ. ಹೊಸ ಫೋನಿನಲ್ಲಿ ನಂಬರ್ ದಾಖಲಾದ ಕೂಡಲೇ ಕಂಪ್ಯೂಟರಿನದು ಲಾಗ್‌ಔಟ್ ಆಗಿಬಿಡುತ್ತೆ.

ಒದ್ದೆಯಾದ ಫೋನನ್ನು ಚಾರ್ಜಿಗೆ ಹಾಕಬೇಡಿ. ಒಲೆಯ ಹತ್ತಿರ ಇಡಬೇಡಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ ಪ್ರಯೋಜನ ಇಲ್ಲ, ಹುಡಿ ಮಾತ್ರ ಒಳಗೆ ಸೇರುತ್ತೆ. ಆಫ್ ಮಾಡಿ, ಒರೆಸಿ, ರಿಪೇರಿ ಮಾಡುವವರ ಹತ್ತಿರ ಬೇಗ ತಗೊಂಡು ಹೋಗಿ. "ಫೋನ್ ಉಳಿಯದಿದ್ದರೂ ಪರವಾಗಿಲ್ಲ, ಒಂದು ಸಲ ಆನ್ ಆದರೆ ಸಾಕು" ಅಂತ ಬಿಡಿಸಿ ಹೇಳಿ. ಈಗಿನ ಫೋನುಗಳಲ್ಲಿ ಒಳಗಿನ ಮಾಹಿತಿ ಬೀಗ ಹಾಕಿದ ರೂಪದಲ್ಲಿರುತ್ತೆ. ಬೀಗದ ಕೈ ಅದೇ ಬೋರ್ಡಿನಲ್ಲಿರುತ್ತೆ. ಹಾಗಾಗಿ ಮೆಮೊರಿ ಚಿಪ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಏನೂ ಓದಕ್ಕಾಗಲ್ಲ. ಹಳೆಯ ಬೋರ್ಡೇ ಸ್ವಲ್ಪ ಹೊತ್ತು ಜೀವ ಹಿಡಿಯಬೇಕು. ದುಡ್ಡು ಕೊಟ್ಟರೆ ಅಳಿಸಿಹೋದ ಚಾಟ್ ತಂದೇ ತರುತ್ತೇವೆ ಅನ್ನೋವರನ್ನು ನಂಬಬೇಡಿ.

ಆಮೇಲೆ ಹೊಸ ಫೋನಿಗೆ ಹಾಕುವಾಗ ಅದೇ ನಂಬರ್, ಅದೇ ಗೂಗಲ್ ಖಾತೆ ಬೇಕು. ನಂಬರ್ ಖಚಿತವಾದ ಮೇಲೆ ಹಳೆಯ ಬ್ಯಾಕಪ್ ಸಿಕ್ಕಿದೆ, ವಾಪಸ್ ತರಲಾ ಅಂತ ಕೇಳುತ್ತೆ. ಅಲ್ಲಿ `Restore` ಒತ್ತಬೇಕು. ಅವಸರದಲ್ಲಿ ದಾಟಿಬಿಟ್ಟಿದ್ದರೆ ಹೆದರಬೇಡಿ. ಆ ರಾತ್ರಿಯ ಬ್ಯಾಕಪ್ ಓಡುವ ಮುಂಚೆ ಡೇಟಾ, ವೈಫೈ ಎರಡೂ ಆಫ್ ಮಾಡಿ `Settings` ಒಳಗಿನ `Chat backup`ಗೆ ಹೋಗಿ, ತಾನಾಗಿ ಓಡುವ ಬ್ಯಾಕಪ್ ನಿಲ್ಲಿಸಿ. ಆಮೇಲೆ ವಾಟ್ಸ್‌ಆ್ಯಪ್ ತೆಗೆದು, ಡೇಟಾ ಆನ್ ಮಾಡಿ ಮತ್ತೆ ಹಾಕಿದರೆ ಆ ಪ್ರಶ್ನೆ ಇನ್ನೊಮ್ಮೆ ಬರುತ್ತೆ. ಬ್ಯಾಕಪ್‌ಗೆ ನೀವೇ ಪಾಸ್‌ವರ್ಡ್ ಹಾಕಿದ್ದರೆ ಅದು ನೆನಪಿರಲೇಬೇಕು. ಕಂಪನಿಯವರ ಹತ್ತಿರ ಅದರ ಕೀಲಿ ಇರಲ್ಲ.

## ಎದುರಿನವರ ಫೋನ್

ಎರಡನೇ ಪ್ರತಿ ಎದುರಿನವರ ಹತ್ತಿರ ಇರುತ್ತೆ ಅಂದೆನಲ್ಲ. ಅವರು ಬದುಕಿದ್ದರೆ ಕೆಲಸ ಸುಲಭ. ಅವರ ಫೋನಿನಲ್ಲಿ ಆ ಚಾಟ್ ತೆರೆದು, ಮೂರು ಚುಕ್ಕೆ ಒತ್ತಿ, `Export chat` ಅಂತ ಹುಡುಕಿ. ಮಾತುಕತೆ ಒಂದು ಸಾದಾ ಕಡತವಾಗಿ ಇಮೇಲ್‌ಗೆ ಬರುತ್ತೆ. ತುಂಬಾ ಉದ್ದದ ಚಾಟ್ ಆದರೆ ಹಳೆಯ ಭಾಗ ಬಿಟ್ಟುಹೋಗಬಹುದು. ಅದಕ್ಕೇ ಕಡತ ತೆರೆದು ಮೊದಲ ಸಾಲಿನ ತಾರೀಖು ನೋಡಿಕೊಳ್ಳಿ.

ಅವರು ತೀರಿಕೊಂಡಿದ್ದರೆ ಗಡಿಯಾರ ಓಡುತ್ತಿರುತ್ತೆ. ಪ್ರೀಪೇಡ್ ಸಿಮ್ 90 ದಿನ ಬಳಕೆ ಇಲ್ಲದಿದ್ದರೆ ಬಂದ್ ಆಗಬಹುದು. ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗುತ್ತೆ. ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆ ಇಲ್ಲದಿದ್ದರೆ ಅಳಿಸಿಹೋಗುತ್ತೆ. ಅಪ್ಪ ಅಂತ ಹೆಸರಿಟ್ಟ ನಂಬರಿನಲ್ಲಿ ಒಂದು ದಿನ ಗುರುತಿಲ್ಲದ ಮುಖ ಕಾಣುವುದು ಹೀಗೆ. ಅದನ್ನು ನೋಡಿ ಬೆಚ್ಚಿಬಿದ್ದವರನ್ನು ನಾನು ಬಲ್ಲೆ. ಖಾತೆ ಅಳಿದರೂ ನಿಮ್ಮ ಫೋನಿನಲ್ಲಿರುವ ಚಾಟ್‌ಗೆ ಏನೂ ಆಗಲ್ಲ. ಆದರೆ ಅವರ ಫೋನಿನೊಳಗಿನ ಪ್ರತಿ ತೆರೆಯಲು ಆ ನಂಬರ್ ಬೇಕಾಗಬಹುದು. ಮನೆಯಲ್ಲಿ ಸಾವಾದ ಮೊದಲ ತಿಂಗಳಲ್ಲೇ ಯಾರಾದರೂ ಒಬ್ಬರು ಆ ಫೋನ್ ಚಾರ್ಜ್ ಮಾಡಿ, ಮುಖ್ಯ ಚಾಟ್‌ಗಳನ್ನು `Export` ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅವರ ಖಾಸಗಿ ಮಾತು ಅದರಲ್ಲಿರುತ್ತೆ. ನಿಮ್ಮ ಚಾಟ್ ಬಿಟ್ಟು ಬೇರೆಯದನ್ನು ಓದಬೇಕಾಗಿಲ್ಲ.

ಗೆಳತಿಗೆ ಈ ಅವಕಾಶ ದಾಟಿಹೋಗಿತ್ತು. ಅಪ್ಪನ ಫೋನ್ ಬೀರುವಿನಲ್ಲಿ, ಅವರ ಸ್ವೆಟರ್ ಕೆಳಗೆ ಇತ್ತು. ಚಾರ್ಜ್ ಮಾಡಿ ತೆರೆದರೆ ವಾಟ್ಸ್‌ಆ್ಯಪ್ ನಂಬರ್ ಖಚಿತಪಡಿಸಿ ಅಂತ ಕೇಳಿತು. ಸಿಮ್ ಬಂದ್ ಆಗಿ ಒಂದು ವರ್ಷವಾಗಿತ್ತು. ಅಲ್ಲಿಗೆ ಮುಗಿಯಿತು ಅಂತ ಅವಳು ಫೋನ್ ಇಟ್ಟುಬಿಡುವವಳಿದ್ದಳು. ಆದರೆ ಬರೆದ ಮಾತು ಬೀಗದೊಳಗಿದ್ದರೂ ಧ್ವನಿ ಮತ್ತು ಫೋಟೊ ಬೀಗದೊಳಗೆ ಇರಲ್ಲ. ಅವು ಬೇರೆ ಜಾಗದಲ್ಲಿರುತ್ತವೆ. ಫೋನಿನ ಕಡತಗಳನ್ನು ತೋರಿಸುವ ಆ್ಯಪ್ ತೆರೆದು ಹೀಗೆ ಹೋಗಬೇಕು:

```
Android/media/com.whatsapp/WhatsApp/Media/WhatsApp Voice Notes
```

ಅಲ್ಲಿ ವಾರಕ್ಕೊಂದು ಪೆಟ್ಟಿಗೆ ಇತ್ತು. ಒಳಗೆ ಅಪ್ಪ ಕಳಿಸಿದ, ಅಪ್ಪನಿಗೆ ಬಂದ ಧ್ವನಿ ಮೆಸೇಜ್‌ಗಳು. ಹೆಸರಿನಲ್ಲೇ ತಾರೀಖು ಇರುತ್ತೆ. ಇದು 2022ರ ಜುಲೈ 14ರದು:

```
PTT-20220714-WA0003.opus
```

ಕನ್ನಡಕ ಸಿಗದ ದಿನ ಅಪ್ಪ ಟೈಪ್ ಮಾಡದೆ ಮಾತಾಡಿ ಕಳಿಸುತ್ತಿದ್ದರಂತೆ. ಅಂಥ ದಿನಗಳೆಲ್ಲ ಅಲ್ಲಿ ಉಳಿದಿದ್ದವು. ಅವಳು ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿ ಒಂದನ್ನು ತಮ್ಮನ ಹತ್ತಿರ ಇಟ್ಟಳು. ಕುಶಾಲನಗರದ ಚಿಕ್ಕಪ್ಪನ ಫೋನಿನಲ್ಲಿ ಮನೆಯವರ ಗ್ರೂಪ್ ಇತ್ತು. ಅಪ್ಪ ಮಳೆ ಲೆಕ್ಕವನ್ನು ಅಲ್ಲೂ ಹಾಕುತ್ತಿದ್ದರು. ಅದನ್ನು `Export` ಮಾಡಿಸಿಕೊಂಡಳು. ಹೀಗೆ ಮೂರು ವರ್ಷದ ಲೆಕ್ಕ ಸಿಕ್ಕಿತು. ಗ್ರೂಪಿನಲ್ಲಿ "ತಿಂಡಿ ಆಯ್ತಾ?" ಇರಲಿಲ್ಲ. ಅದು ಇವಳಿಗೆ ಮಾತ್ರ ಬರುತ್ತಿದ್ದ ಸಾಲು.

## ಬಾರದೇ ಉಳಿದದ್ದರ ಜೊತೆ

ಎಷ್ಟು ಹುಡುಕಿದರೂ ಸ್ವಲ್ಪ ಹೋಗಿಯೇ ಹೋಗಿರುತ್ತೆ. ಹುಡುಕಾಟಕ್ಕೆ ಒಂದು ಗಡಿ ಹಾಕಿಕೊಳ್ಳುವುದು ಒಳ್ಳೆಯದು. ಈ ನಾಲ್ಕು ಕಡೆ ನೋಡುತ್ತೇನೆ, ಈ ತಿಂಗಳ ಕೊನೆಯವರೆಗೆ ನೋಡುತ್ತೇನೆ ಅಂತ. ಸಿಕ್ಕೀತು, ಸಿಕ್ಕೀತು ಅನ್ನೋ ಸ್ಥಿತಿಯಲ್ಲಿ ಮನಸ್ಸು ಅಳುವುದಕ್ಕೂ ಹೋಗಲ್ಲ, ಬಿಡುವುದಕ್ಕೂ ಹೋಗಲ್ಲ.

ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತೆ. ದುಃಖದಲ್ಲಿರುವವರು ಉಯ್ಯಾಲೆಯಲ್ಲಿ ಕೂತ ಹಾಗೆ ಎರಡು ಕಡೆಗೆ ಹೋಗಿಬರುತ್ತಾರೆ. ಒಂದು ಹೊತ್ತು ಕಳಕೊಂಡದ್ದರ ಕಡೆ, ಒಂದು ಹೊತ್ತು ಮುಂದಿನ ಕೆಲಸದ ಕಡೆ. ಎರಡೂ ಬೇಕು. ಬೆಳಿಗ್ಗೆ ಅತ್ತು ಮಧ್ಯಾಹ್ನ ಆಳುಗಳ ಜೊತೆ ನಕ್ಕರೆ ಅಪ್ಪನನ್ನು ಮರೆತ ಹಾಗಲ್ಲ. ತಿಂಗಳಾದ ಮೇಲೆ ಒಂದು ಸಂಜೆ ಮತ್ತೆ ಅಳು ಬಂದರೆ ಹಿಂದಕ್ಕೆ ಬಿದ್ದ ಹಾಗೂ ಅಲ್ಲ. ಆತಂಕ ಪಡಬೇಕಾದದ್ದು ಉಯ್ಯಾಲೆ ಒಂದೇ ಕಡೆ ನಿಂತುಬಿಟ್ಟಾಗ.

ಗೆಳತಿ ಮಾಡಿದ ಒಂದು ಕೆಲಸ ನನಗೆ ಸರಿ ಅನ್ನಿಸಿತು. ಮೊದಲ ವಾರದಲ್ಲೇ ಒಂದು ನೋಟ್‌ಬುಕ್ ತಗೊಂಡು, ನೆನಪಿದ್ದ ಮೆಸೇಜ್‌ಗಳನ್ನೆಲ್ಲ ಅಪ್ಪನ ಮಾತಿನಲ್ಲೇ ಬರೆದಳು. ಮರೆತುಹೋಗುವ ಮುಂಚೆ ಬರೆಯಬೇಕು ಅನ್ನೋದೇ ಅವಳ ಆತುರ. 2018ರ "ರೋಡ್ ಇಲ್ಲ" ಅದರಲ್ಲಿ ಮೊದಲನೆಯದು. ಒಂದೊಂದರ ಪಕ್ಕ ಆ ದಿನ ತಾನು ಎಲ್ಲಿದ್ದೆ ಅಂತಲೂ ಬರೆದಳು. ಅರವತ್ತಕ್ಕೂ ಜಾಸ್ತಿ ಬಂತು. ಅಷ್ಟು ನೆನಪಿದೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಹತ್ತಿರದವರಿಗೆ ಒಂದು ಮಾತು. ಚಾಟ್ ಕಳಕೊಂಡವರಿಗೆ "ಬ್ಯಾಕಪ್ ಇಟ್ಟಿರಲಿಲ್ವಾ?" ಅಂತ ಕೇಳಬೇಡಿ. "ಅದರಲ್ಲಿ ಏನೇನಿತ್ತು?" ಅಂತ ಕೇಳಿ. ಅವರು ಹೇಳುತ್ತಾರೆ. ಕೂತು ಕೇಳಿದರೆ ಸಾಕು.

ಇಂಥ ದುಃಖ ಸಾಮಾನ್ಯವಾಗಿ ದಿನ ಕಳೆದಂತೆ ಹದಕ್ಕೆ ಬರುತ್ತೆ. ನಿದ್ದೆ, ಊಟ, ಕೆಲಸ ಬಹಳ ದಿನ ಕೆಟ್ಟರೆ, ಸಾವಾಗಿ ವರ್ಷ ದಾಟಿದರೂ ಮೊದಲ ದಿನದಷ್ಟೇ ಹಂಬಲ ದಿನಾ ಕಾಡುತ್ತಿದ್ದರೆ, ಅದು ಚಾಟ್‌ನ ವಿಷಯ ಮಾತ್ರ ಅಲ್ಲ. ಒಳಗಿನ ದೊಡ್ಡ ದುಃಖ ಸಿಕ್ಕಿಹಾಕಿಕೊಂಡಿದೆ ಅಂತ. ಆಗ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯಬೇಕು ಅನ್ನೋ ಯೋಚನೆ ಬಂದರೆ ಮಾತ್ರ ಕಾಯಲೇಬೇಡಿ, ಅವತ್ತೇ ಕರೆ ಮಾಡಿ.

ಈ ವರ್ಷ ಮಳೆ ಶುರುವಾದ ದಿನ ನನ್ನ ಗೆಳತಿ ತೋಟದಲ್ಲೇ ಇದ್ದಳು. ಬೆಳಿಗ್ಗೆ ಅಪ್ಪನ ಕೊಡೆ ಹಿಡಿದು ಹೋಗಿ ಅಳತೆ ನೋಡಿ ಬಂದಳು. ಮೈಸೂರಿನಲ್ಲಿ ಓದುತ್ತಿರುವ ತಮ್ಮನ ಮಗನಿಗೆ ಮೆಸೇಜ್ ಹಾಕಿದಳು: "1 ಇಂಚು 15. ಕರೆಂಟ್ ಇದೆ. ತಿಂಡಿ ಆಯ್ತಾ?" ಅವನು "ಆಯ್ತು ಅತ್ತೆ" ಅಂತ ಬರೆದ.